ರಿಫಂಡ್ ಫೇಲ್ ಆಗಿದೆಯಾ? ಮತ್ತೆ ಕೇಳುವ ಮುಂಚೆ ಬ್ಯಾಂಕ್ ಖಾತೆ ಸರಿಮಾಡಿಕೊಳ್ಳಿ

ಆದಾಯ ತೆರಿಗೆ ರಿಟರ್ನ್ ಸಲ್ಲಿಸಿ ಆಯಿತು. ಇಷ್ಟು ರಿಫಂಡ್ ಬರಬೇಕು ಅಂತ ಇಲಾಖೆಯಿಂದ ಮೇಲ್ ಕೂಡ ಬಂತು. ದುಡ್ಡು ಮಾತ್ರ ಖಾತೆಗೆ ಬೀಳಲಿಲ್ಲ. ಪೋರ್ಟಲ್ ತೆರೆದು ನೋಡಿದರೆ Refund Failed. ಆಮೇಲೆ ಹೆಚ್ಚಿನವರು ಮಾಡುವ ಕೆಲಸ ಒಂದೇ: ಖಾತೆಯ ಪಕ್ಕದ Re-Validate ಬಟನ್ ಒತ್ತುವುದು, ಅದು ಫೇಲ್ ಆದರೆ ಮತ್ತೆ ಒತ್ತುವುದು. ಕಾರಣ ಬ್ಯಾಂಕಿನ ದಾಖಲೆಯಲ್ಲಿ ಕೂತಿರುವಾಗ ಬಟನ್ ಎಷ್ಟು ಸಲ ಒತ್ತಿದರೂ ಅಷ್ಟೇ.

ಇಲ್ಲಿ ಕ್ರಮ ಮುಖ್ಯ. ಮೊದಲು ಪ್ಯಾನ್, ಆಮೇಲೆ ಬ್ಯಾಂಕ್ ಶಾಖೆಯ ದಾಖಲೆ, ಆಮೇಲೆ ಪೋರ್ಟಲ್‌ನಲ್ಲಿ ವ್ಯಾಲಿಡೇಶನ್ ಅಂದರೆ ಖಾತೆ ನಿಮ್ಮದೇ ಅಂತ ಬ್ಯಾಂಕಿನಿಂದ ಖಚಿತಪಡಿಸುವುದು, ಕೊನೆಗೆ ರಿಫಂಡ್ ಮರುಮನವಿ. ಈ ಕ್ರಮ ತಪ್ಪಿದರೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ.

## ಕೈಯಲ್ಲಿ ಇರಬೇಕಾದದ್ದು

ಪ್ಯಾನ್ ಕಾರ್ಡ್, ಆಧಾರ್, ಬ್ಯಾಂಕಿನ ಈಗಿನ ಪಾಸ್‌ಬುಕ್ ಅಥವಾ ಚೆಕ್ ಪುಸ್ತಕ, ಮತ್ತು ಆಧಾರ್‌ಗೆ ಜೋಡಿಸಿದ ಮೊಬೈಲ್. ಪಾಸ್‌ಬುಕ್ "ಈಗಿನದು" ಅಂದದ್ದು ಸುಮ್ನೆ ಅಲ್ಲ, ಕಾರಣ ಮುಂದೆ ಹೇಳುತ್ತೇನೆ. ಇ-ಫೈಲಿಂಗ್ ಪೋರ್ಟಲ್‌ನ ವಿಳಾಸ ಇದು, ಬ್ರೌಸರ್‌ನಲ್ಲಿ ನೀವೇ ಟೈಪ್ ಮಾಡಿ:

```
www.incometax.gov.in
```

## ಹಂತ 1: ನಿಜಕ್ಕೂ ಫೇಲ್ ಆಗಿದೆಯಾ ನೋಡಿ

ದುಡ್ಡು ಬಂದಿಲ್ಲ ಅಂದ ಮಾತ್ರಕ್ಕೆ ರಿಫಂಡ್ ಫೇಲ್ ಆಗಿದೆ ಅಂತಲ್ಲ. ಲಾಗಿನ್ ಆಗಿ e-File ಮೆನುವಿನಲ್ಲಿ Income Tax Returns, ಅದರೊಳಗೆ View Filed Returns ತೆರೆಯಿರಿ. ಆಯಾ ವರ್ಷದ ರಿಟರ್ನ್ ಎದುರು View Details ಒತ್ತಿದರೆ ಅದು ಎಲ್ಲಿಯವರೆಗೆ ಬಂದಿದೆ ಅಂತ ದಿನಾಂಕ ಸಮೇತ ಕಾಣುತ್ತದೆ.

ರಿಟರ್ನ್ ಇನ್ನೂ ಪ್ರೊಸೆಸ್ ಆಗಿರದಿದ್ದರೆ ಬ್ಯಾಂಕ್ ಖಾತೆಯನ್ನು ದೂರುವುದರಲ್ಲಿ ಅರ್ಥವಿಲ್ಲ. ಸಲ್ಲಿಸಿದ 30 ದಿನದೊಳಗೆ ಇ-ವೆರಿಫೈ ಮಾಡಿದ್ದೀರಾ ಅಂತ ಮೊದಲು ನೋಡಿ. ವೆರಿಫೈ ಆಗದ ರಿಟರ್ನ್‌ಗೆ ರಿಫಂಡ್ ಬರುವ ಮಾತೇ ಇಲ್ಲ.

Adjusted ಎಂಬ ಪದ ಕಂಡರೆ ಕಥೆ ಬೇರೆ. ಹಳೆಯ ಯಾವುದೋ ವರ್ಷದ ತೆರಿಗೆ ಬಾಕಿಗೆ ಈ ರಿಫಂಡನ್ನು ಹೊಂದಿಸಿಕೊಂಡಿದ್ದಾರೆ ಅಂತ ಅರ್ಥ. Pending Actions ಮೆನುವಿನಲ್ಲಿರುವ Response to Outstanding Demand ನೋಡಿ. ಬ್ಯಾಂಕಿಗೆ ಓಡಾಡಿ ಪ್ರಯೋಜನವಿಲ್ಲ. ಇನ್ನು ರಿಫಂಡ್ ಮೊತ್ತ 100 ರೂಪಾಯಿಗಿಂತ ಕಡಿಮೆಯಿದ್ದರೆ ಅದನ್ನು ಖಾತೆಗೆ ಹಾಕುವುದೇ ಇಲ್ಲ.

Refund Failed ಅಂತಲೇ ಇದ್ದರೆ, ರಿಟರ್ನ್ ಪ್ರೊಸೆಸ್ ಮಾಡುವ ಬೆಂಗಳೂರಿನ ಸಿಪಿಸಿ ಕೇಂದ್ರ ಲೆಕ್ಕ ಮುಗಿಸಿ ದುಡ್ಡು ಕಳಿಸಲು ಹೇಳಿದೆ, ಆದರೆ ಅದು ನಿಮ್ಮ ಖಾತೆಗೆ ಜಮಾ ಆಗಲಿಲ್ಲ ಅಂತ ಅರ್ಥ. ನಿಮ್ಮ ರಿಟರ್ನ್‌ನಲ್ಲಿ ತಪ್ಪಿಲ್ಲ. ಇದಕ್ಕಾಗಿ ರಿಟರ್ನ್ ಪರಿಷ್ಕರಿಸಲು ಹೋಗಬೇಡಿ. ಕೆಲವರು ಹಾಗೆ ಮಾಡಿ ಇಡೀ ಪ್ರೊಸೆಸಿಂಗ್ ಅನ್ನು ಮೊದಲಿನಿಂದ ಶುರು ಮಾಡಿಸಿಕೊಂಡಿದ್ದಾರೆ. ಕಾರಣವನ್ನು ಅಲ್ಲೇ ಒಂದು ಸಾಲಿನಲ್ಲಿ ಕೊಟ್ಟಿರುತ್ತಾರೆ. ಅದನ್ನು ಬರೆದಿಟ್ಟುಕೊಳ್ಳಿ, ಸ್ಕ್ರೀನ್‌ಶಾಟ್ ಆದರೆ ಇನ್ನೂ ಒಳ್ಳೆಯದು.

## ಹಂತ 2: ಪ್ಯಾನ್ ಚಾಲ್ತಿಯಲ್ಲಿದೆಯಾ?

ಬ್ಯಾಂಕಿಗೆ ಹೋಗುವ ಮುಂಚೆ ಇದನ್ನು ಮುಗಿಸಿ. ಆಧಾರ್ ಜೋಡಿಸದ ಪ್ಯಾನ್‌ಗಳು 2023ರ ಜುಲೈ 1ರಿಂದ ನಿಷ್ಕ್ರಿಯವಾಗಿವೆ. ಅಂಥ ಪ್ಯಾನ್‌ನಲ್ಲಿ ರಿಟರ್ನ್ ಸಲ್ಲಿಸಬಹುದು, ರಿಫಂಡ್ ಮಾತ್ರ ಸಿಗುವುದಿಲ್ಲ. ನಿಷ್ಕ್ರಿಯವಾಗಿದ್ದ ಅವಧಿಗೆ ರಿಫಂಡ್ ಮೇಲಿನ ಬಡ್ಡಿಯೂ ಇಲ್ಲ.

ಪೋರ್ಟಲ್‌ನ ಮೊದಲ ಪುಟದಲ್ಲಿ Link Aadhaar Status ಇದೆ. ಲಾಗಿನ್ ಬೇಡ. ಪ್ಯಾನ್, ಆಧಾರ್ ಸಂಖ್ಯೆ ಹಾಕಿದರೆ ಸಾಕು. ಜೋಡಣೆ ಆಗಿಲ್ಲ ಅಂತ ಬಂದರೆ 1000 ರೂಪಾಯಿ ಶುಲ್ಕವನ್ನು e-Pay Tax ಮೂಲಕ ಕಟ್ಟಿ, ಆಮೇಲೆ ಜೋಡಣೆಯ ಮನವಿ ಕೊಡಬೇಕು. ಪ್ಯಾನ್ ಮತ್ತೆ ಚಾಲ್ತಿಗೆ ಬರಲು 30 ದಿನದವರೆಗೂ ಹಿಡಿಯಬಹುದು. ಅಲ್ಲಿಯವರೆಗೆ ಮುಂದಿನ ಹಂತಕ್ಕೆ ಹೋಗದೆ ಇರುವುದೇ ಲೇಸು.

ದುಬೈ, ಅಮೆರಿಕದಲ್ಲಿರುವ ನಮ್ಮವರು ಇಲ್ಲಿ ಒಂದು ವಿಷಯ ಗಮನಿಸಬೇಕು. ಅನಿವಾಸಿಗಳಿಗೆ ಆಧಾರ್ ಜೋಡಣೆ ಕಡ್ಡಾಯವಲ್ಲ. ಆದರೆ ನೀವು ಅನಿವಾಸಿ ಅಂತ ಪ್ಯಾನ್ ದಾಖಲೆಯಲ್ಲಿ ಇರದಿದ್ದರೆ ಇಲಾಖೆಗೆ ಗೊತ್ತಾಗುವುದು ಹೇಗೆ? ಪ್ಯಾನ್ ನಿಷ್ಕ್ರಿಯವಾಗಿಬಿಡುತ್ತದೆ. ಅಂಥವರು ತಮ್ಮ ವ್ಯಾಪ್ತಿಯ ಅಸೆಸಿಂಗ್ ಆಫೀಸರ್‌ಗೆ ದಾಖಲೆ ಕೊಟ್ಟು ನಿವಾಸ ಸ್ಥಿತಿಯನ್ನು ತಿದ್ದಿಸಿಕೊಳ್ಳಬೇಕು.

## ಹಂತ 3: ಬ್ಯಾಂಕಿನ ದಾಖಲೆಯಲ್ಲಿ ತಪ್ಪು ಹುಡುಕಿ

ಹೆಚ್ಚಿನ ಗಂಟುಗಳು ಇಲ್ಲೇ ಇರುವುದು, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ನೀವು ಪೋರ್ಟಲ್‌ನಲ್ಲಿ ಕೊಟ್ಟ ಖಾತೆಯ ವಿವರ ಬ್ಯಾಂಕಿಗೆ ಹೋಗುತ್ತದೆ. ಈ ನಂಬರಿನ ಖಾತೆ ಇದೆಯಾ, ಚಾಲ್ತಿಯಲ್ಲಿದೆಯಾ, ಅದಕ್ಕೆ ಈ ಪ್ಯಾನ್ ಸೇರಿದೆಯಾ, ಹೆಸರು ಹೊಂದುತ್ತದೆಯಾ ಅಂತ ಬ್ಯಾಂಕಿನ ಕಂಪ್ಯೂಟರ್ ನೋಡುತ್ತದೆ. ಒಂದಕ್ಕೆ ಇಲ್ಲ ಅಂದರೂ ಫೇಲ್.

ಹೆಸರು. ಕನ್ನಡಿಗರಿಗೆ ಇದು ಹಳೆಯ ತಲೆನೋವು. ನಮ್ಮಲ್ಲಿ ಇನಿಶಿಯಲ್ ಇಡುವುದು ರೂಢಿ. ಪ್ಯಾನ್ ಅರ್ಜಿಯಲ್ಲಿ ಇನಿಶಿಯಲ್ ಬಿಡಿಸಿ ಬರೆಯಬೇಕು. ಬ್ಯಾಂಕಿನಲ್ಲಿ ಹಾಗೇನಿಲ್ಲ. ಹೀಗಾಗಿ ಒಬ್ಬರದೇ ಹೆಸರು ಎರಡು ಕಡೆ ಹೀಗಿರುತ್ತದೆ:

```
PAN  : MANJUNATHA SHIVANNA
Bank : S MANJUNATH
```

ನಮ್ಮ ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಅಲ್ಲ. ಇನಿಶಿಯಲ್ ಒಂದು, ಕೊನೆಯ A ಇನ್ನೊಂದು, ಎರಡು ವ್ಯತ್ಯಾಸ ಸೇರಿವೆ. ಮದುವೆಯ ನಂತರ ಬ್ಯಾಂಕಿನಲ್ಲಿ ಗಂಡನ ಹೆಸರು ಸೇರಿಸಿ, ಪ್ಯಾನ್‌ನಲ್ಲಿ ತಂದೆಯ ಹೆಸರನ್ನೇ ಉಳಿಸಿಕೊಂಡ ಹೆಣ್ಣುಮಕ್ಕಳಿಗೂ ಇದೇ ಗತಿ.

ಯಾವುದನ್ನು ತಿದ್ದಿಸಬೇಕು? ಪ್ಯಾನ್ ಮತ್ತು ಆಧಾರ್ ಎರಡೂ ಹೊಂದಿಕೊಂಡಿದ್ದರೆ ಬ್ಯಾಂಕಿನ ಹೆಸರನ್ನು ತಿದ್ದಿಸಿ. ಅದು ಶಾಖೆಯಲ್ಲೇ ಕೆವೈಸಿ ಅರ್ಜಿಯಿಂದ ಮುಗಿಯುತ್ತದೆ. ಪ್ಯಾನ್‌ನಲ್ಲೇ ಕಾಗುಣಿತ ತಪ್ಪಿದ್ದರೆ ಮಾತ್ರ ಪ್ಯಾನ್ ತಿದ್ದುಪಡಿಗೆ ಹೋಗಿ. ಇ-ಫೈಲಿಂಗ್ ಪೋರ್ಟಲ್‌ನಲ್ಲಿ ಹೆಸರು ತಿದ್ದಲು ಆಗುವುದಿಲ್ಲ, ಅದು ಪ್ಯಾನ್ ದಾಖಲೆಯಿಂದ ಬರುತ್ತದೆ.

ಪ್ಯಾನ್ ಜೋಡಣೆ. ಕೌಂಟರ್‌ನಲ್ಲಿ "ನನ್ನ ಖಾತೆಗೆ ಪ್ಯಾನ್ ಲಿಂಕ್ ಆಗಿದೆಯಾ?" ಅಂತ ಕೇಳಿದರೆ "ಆಗಿದೆ ಸಾರ್" ಅಂತಲೇ ಉತ್ತರ ಬರುವುದು. ನೀವು ಕೇಳಬೇಕಾದದ್ದು ಬೇರೆ: "ಈ ಖಾತೆ ಯಾವ ಕಸ್ಟಮರ್ ಐಡಿಯಲ್ಲಿದೆ, ಆ ಐಡಿಯಲ್ಲಿ ನನ್ನ ಹೆಸರು ಮತ್ತು ಪ್ಯಾನ್ ಹೇಗಿದೆ, ಸ್ವಲ್ಪ ತೋರಿಸಿ." ಪ್ಯಾನ್ ಸೇರುವುದು ಕಸ್ಟಮರ್ ಐಡಿಗೆ. ಹಳೆಯ ಗ್ರಾಹಕರಿಗೆ ಒಂದೇ ಬ್ಯಾಂಕಿನಲ್ಲಿ ಎರಡು ಐಡಿ ಇರುವುದುಂಟು. ಠೇವಣಿಯ ಐಡಿಯಲ್ಲಿ ಪ್ಯಾನ್ ಇರುತ್ತದೆ, ಉಳಿತಾಯ ಖಾತೆಯ ಐಡಿಯಲ್ಲಿ ಇರುವುದಿಲ್ಲ. ಎರಡೂ ನಿಮ್ಮದೇ ಆದರೆ ಒಂದಾಗಿಸಲು ಲಿಖಿತ ಅರ್ಜಿ ಕೊಡಿ.

ಐಎಫ್‌ಎಸ್‌ಸಿ. ಇದು ನಿಮ್ಮ ಬ್ಯಾಂಕ್ ಶಾಖೆಯ ಕೋಡ್. ಕರ್ನಾಟಕದಲ್ಲಿ ಹುಟ್ಟಿದ ಎಷ್ಟು ಬ್ಯಾಂಕುಗಳು ಈಗ ಬೇರೆ ಹೆಸರಿನಲ್ಲಿವೆ ನೋಡಿ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐ ಸೇರಿತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಸೇರಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾದೊಳಗೆ, ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕ್‌ನೊಳಗೆ ಹೋದವು. 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕ್ ಮತ್ತು ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಒಂದಾಗಿವೆ. ಹಳೆಯ ಪಾಸ್‌ಬುಕ್ ನೋಡಿ SYNB, VIJB, CORP ಅಂತ ಶುರುವಾಗುವ ಕೋಡ್ ಹಾಕಿದರೆ ಈಗ ನಡೆಯುವುದಿಲ್ಲ. ಕೆಲವರ ಖಾತೆ ಸಂಖ್ಯೆಯೂ ಬದಲಾಗಿರಬಹುದು. ಪಾಸ್‌ಬುಕ್ ಈಗಿನದಾಗಿರಲಿ ಅಂದದ್ದು ಇದಕ್ಕೇ.

ಐಎಫ್‌ಎಸ್‌ಸಿಯಲ್ಲಿ ಒಟ್ಟು 11 ಅಕ್ಷರ. ಐದನೆಯದು ಯಾವಾಗಲೂ ಸೊನ್ನೆ, ಇಂಗ್ಲಿಷಿನ ಓ ಅಲ್ಲ.

ಖಾತೆಯ ಸ್ಥಿತಿ ಮತ್ತು ಬಗೆ. ಎರಡು ವರ್ಷ ನೀವಾಗಿ ಯಾವ ವ್ಯವಹಾರವನ್ನೂ ಮಾಡದಿದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ. ಕೆವೈಸಿ ಕೊಟ್ಟು ಮತ್ತೆ ಚಾಲನೆ ಮಾಡಿಸಿ. ಪಿಪಿಎಫ್, ಸಾಲ, ನಿಶ್ಚಿತ ಠೇವಣಿ ಖಾತೆಗಳಿಗೆ ರಿಫಂಡ್ ಬರುವುದಿಲ್ಲ. ಉಳಿತಾಯ, ಚಾಲ್ತಿ, ಕ್ಯಾಶ್ ಕ್ರೆಡಿಟ್, ಓವರ್‌ಡ್ರಾಫ್ಟ್ ಮತ್ತು ಅನಿವಾಸಿಗಳ ಎನ್‌ಆರ್‌ಒ ಖಾತೆಗಳು ನಡೆಯುತ್ತವೆ. ಉಳಿತಾಯ ಖಾತೆಯನ್ನು ಎನ್‌ಆರ್‌ಒಗೆ ಬದಲಿಸಿಕೊಂಡವರು ಪೋರ್ಟಲ್‌ನಲ್ಲೂ ಎನ್‌ಆರ್‌ಒ ಅಂತಲೇ ಆರಿಸಬೇಕು. ಹಳೆಯ ಅಭ್ಯಾಸದಲ್ಲಿ Savings ಒತ್ತಿ ಸಿಕ್ಕಿಹಾಕಿಕೊಳ್ಳುವವರು ಇದ್ದಾರೆ.

## ಹಂತ 4: ಪೋರ್ಟಲ್‌ನಲ್ಲಿ ಖಾತೆ ವ್ಯಾಲಿಡೇಟ್ ಮಾಡಿ

ಶಾಖೆಯಲ್ಲಿ ತಿದ್ದುಪಡಿ ಅರ್ಜಿ ಕೊಟ್ಟ ದಿನವೇ ಸಂಜೆ ಕೂತು ಪ್ರಯತ್ನಿಸಬೇಡಿ. ಅರ್ಜಿ ತೆಗೆದುಕೊಳ್ಳುವುದು ಒಂದು, ಅದು ಕಂಪ್ಯೂಟರಿಗೆ ಏರಿ ಮೇಲಿನವರು ಒಪ್ಪುವುದು ಇನ್ನೊಂದು. ನೆಟ್ ಬ್ಯಾಂಕಿಂಗ್ ಅಥವಾ ಮೊಬೈಲ್ ಆ್ಯಪ್‌ನಲ್ಲಿ ಪ್ರೊಫೈಲ್ ತೆರೆದು ಹೊಸ ಹೆಸರು ಬಂದಿದೆಯಾ ನೋಡಿ. ಬಂದ ಮೇಲೆ ಮುಂದಿನ ಕೆಲಸ.

1. ಲಾಗಿನ್ ಆಗಿ My Profile ತೆರೆಯಿರಿ, ಅದರಲ್ಲಿ My Bank Account ಒತ್ತಿ.
2. ಫೇಲ್ ಆದ ಖಾತೆಗಳಿಗೆ ಬೇರೆಯೇ ಟ್ಯಾಬ್ ಇದೆ. ಅಲ್ಲಿ ಕಾರಣವೂ ಇರುತ್ತದೆ. ಅದೇ ಖಾತೆ ಬೇಕಿದ್ದರೆ Re-Validate ಒತ್ತಿ ಐಎಫ್‌ಎಸ್‌ಸಿ, ಖಾತೆಯ ಬಗೆ ಸರಿಪಡಿಸಿ. ಬೇರೆ ಖಾತೆಯಾದರೆ Add Bank Account.
3. ಖಾತೆ ಸಂಖ್ಯೆಯನ್ನು ಪಾಸ್‌ಬುಕ್ ನೋಡಿಕೊಂಡು ಹಾಕಿ. ಶುರುವಿನಲ್ಲಿ ಸೊನ್ನೆಗಳಿದ್ದರೆ ಅವೂ ಇರಲಿ.
4. ಜಂಟಿ ಖಾತೆಯಾಗಿದ್ದರೆ ನೀವು ಮೊದಲ ಹೆಸರಿನವರೋ ಜೊತೆಗಾರರೋ ಅಂತ ಸರಿಯಾಗಿ ಆರಿಸಿ. ಜೊತೆಗಾರರಾದರೆ ನಿಮ್ಮ ಪ್ಯಾನ್ ಕೂಡ ಬ್ಯಾಂಕಿನಲ್ಲಿ ಇರಬೇಕು. ನನ್ನ ಸಲಹೆ ಕೇಳಿದರೆ, ರಿಫಂಡ್‌ಗೆ ನಿಮ್ಮೊಬ್ಬರದೇ ಖಾತೆ ಕೊಟ್ಟುಬಿಡಿ.
5. ಐಎಫ್‌ಎಸ್‌ಸಿ ಹಾಕಿದ ಕೂಡಲೇ ಬ್ಯಾಂಕ್ ಮತ್ತು ಶಾಖೆಯ ಹೆಸರು ತಾನಾಗಿ ಬರುತ್ತದೆ. ಓದಿ ನೋಡಿ. ನಿಮ್ಮ ಶಾಖೆಯ ಹೆಸರಲ್ಲದಿದ್ದರೆ ಅಲ್ಲೇ ನಿಲ್ಲಿ.
6. Validate ಒತ್ತಿ.

ಈಗ ಕಾಯಬೇಕು. ಪೋರ್ಟಲ್ ಹೇಳುವ ಗಡುವು 10ರಿಂದ 12 ಕೆಲಸದ ದಿನ. ಎಷ್ಟೋ ಬ್ಯಾಂಕುಗಳ ಉತ್ತರ ಅದಕ್ಕಿಂತ ಬೇಗ ಬರುತ್ತದೆ. Validated ಅಂತ ಬಂದರೆ ರಿಫಂಡ್‌ಗೆ ಸಾಕು. Validated and EVC enabled ಅಂತ ಬಂದರೆ, ಅದೇ ಖಾತೆಯಿಂದ ವೆರಿಫಿಕೇಶನ್ ಕೋಡ್ ಕೂಡ ಪಡೆಯಬಹುದು. ಇವಿಸಿ ಬರಲಿಲ್ಲ ಅಂತ ಗಾಬರಿಯಾಗಬೇಡಿ. ಬ್ಯಾಂಕಿನಲ್ಲಿರುವ ಮೊಬೈಲ್ ನಂಬರ್ ಪೋರ್ಟಲ್‌ನ ನಂಬರಿಗೆ ಹೊಂದದಿದ್ದರೂ ಹಾಗಾಗುತ್ತದೆ. ರಿಫಂಡ್‌ಗೂ ಅದಕ್ಕೂ ಸಂಬಂಧವಿಲ್ಲ.

ಆಮೇಲೆ ಖಾತೆಯ ಎದುರು ಇರುವ Nominate for Refund ಆನ್ ಮಾಡಿ. ವ್ಯಾಲಿಡೇಟ್ ಆದ ಮಾತ್ರಕ್ಕೆ ರಿಫಂಡ್‌ಗೆ ನೇಮಕ ಆದಂತಲ್ಲ. ಹಲವರು ಇದನ್ನೇ ಮರೆಯುತ್ತಾರೆ.

## ಹಂತ 5: ಈಗ ಮರುಮನವಿ

ಖಾತೆ ಸರಿಯಾದರೆ ದುಡ್ಡು ತಾನಾಗಿ ಬಂದುಬಿಡುತ್ತದೆ ಅಂತ ಕಾಯುತ್ತಾ ಕೂರುವವರು ಬಹಳ. ಒಮ್ಮೆ ಫೇಲ್ ಆದ ರಿಫಂಡನ್ನು ಮತ್ತೆ ಕಳಿಸಿ ಅಂತ ನೀವು ಕೇಳಬೇಕು.

Services ಮೆನುವಿನಲ್ಲಿ Refund Reissue ತೆರೆದು Create Refund Reissue Request ಒತ್ತಿ. ಫೇಲ್ ಆದ ವರ್ಷದ ಸಾಲು ಕಾಣುತ್ತದೆ. ಅದನ್ನು ಆರಿಸಿ, ಮುಂದಿನ ಪುಟದಲ್ಲಿ ವ್ಯಾಲಿಡೇಟ್ ಆದ ಖಾತೆ ಆರಿಸಿ, Proceed to Verification ಒತ್ತಿ. ಆಧಾರ್ ಒಟಿಪಿ ಹಾಕಿದರೆ ಮನವಿ ಹೋಗುತ್ತದೆ, ಒಂದು ಟ್ರಾನ್ಸಾಕ್ಷನ್ ಐಡಿ ಬರುತ್ತದೆ. ಅದನ್ನು ಇಟ್ಟುಕೊಳ್ಳಿ. ವೆರಿಫಿಕೇಶನ್ ಮಾಡದೆ ಪುಟ ಮುಚ್ಚಿದರೆ ಮನವಿ ಹೋಗಿರುವುದಿಲ್ಲ.

ಆ ಪುಟದಲ್ಲಿ ನಿಮ್ಮ ವರ್ಷದ ಸಾಲೇ ಇಲ್ಲ ಅಂದರೆ, ರಿಫಂಡ್ ಫೇಲ್ ಆಗಿದೆ ಅಂತ ಪೋರ್ಟಲ್‌ನಲ್ಲಿ ಇನ್ನೂ ದಾಖಲಾಗಿಲ್ಲ ಅಂತ ಅರ್ಥ. ಕೆಲವು ದಿನ ಬಿಟ್ಟು ಮತ್ತೆ ನೋಡಿ.

## ಒಂದು ಪ್ರಕರಣ

ತುಮಕೂರಿನ ಒಬ್ಬ ನಿವೃತ್ತ ಮೇಷ್ಟ್ರು ಅಂತ ಇಟ್ಟುಕೊಳ್ಳಿ. ಠೇವಣಿ ಬಡ್ಡಿಯ ಮೇಲೆ ಟಿಡಿಎಸ್ ಕಡಿತವಾಗಿತ್ತು, 11,340 ರೂಪಾಯಿ ವಾಪಸ್ ಬರಬೇಕು. ರಿಟರ್ನ್ ಪ್ರೊಸೆಸ್ ಆಯಿತು, ರಿಫಂಡ್ ಫೇಲ್ ಆಯಿತು. ಅವರ ಬ್ಯಾಂಕು ಹಿಂದೆಯೇ ಬೇರೊಂದರಲ್ಲಿ ವಿಲೀನವಾಗಿತ್ತು. ಪೋರ್ಟಲ್‌ನಲ್ಲಿ ಹಳೆಯ ಐಎಫ್‌ಎಸ್‌ಸಿಯೇ ಉಳಿದಿತ್ತು.

ಮಗಳು ಹೊಸ ಕೋಡ್ ಹಾಕಿ ಮತ್ತೆ ವ್ಯಾಲಿಡೇಟ್ ಮಾಡಿದಳು. ಮತ್ತೆ ಫೇಲ್, ಆದರೆ ಈ ಸಲ ಕಾರಣ ಬೇರೆ: ಹೆಸರು ಹೊಂದುತ್ತಿಲ್ಲ. ಗಮನಿಸಿ, ಇದು ಮುನ್ನಡೆಯೇ. ಮೊದಲ ಗಂಟು ಬಿಚ್ಚಿದ್ದರಿಂದಲೇ ಎರಡನೆಯದು ಕಂಡದ್ದು. ಎರಡು ಸಲ ಫೇಲ್ ಆಯಿತು ಅಂತ ಕೈಬಿಡುವ ಮುಂಚೆ ಕಾರಣದ ಸಾಲು ಬದಲಾಗಿದೆಯಾ ನೋಡಬೇಕು.

ಶಾಖೆಯಲ್ಲಿ ಕಸ್ಟಮರ್ ಐಡಿ ತೆಗೆಸಿ ನೋಡಿದರೆ ಪ್ಯಾನ್ ಸರಿಯಾಗಿದೆ, ಹೆಸರು ಮಾತ್ರ ಮೇಲೆ ತೋರಿಸಿದಂತೆ ಇನಿಶಿಯಲ್ ಸಮೇತ ಇದೆ. ಪ್ಯಾನ್, ಆಧಾರ್ ಎರಡರಲ್ಲೂ ಪೂರ್ತಿ ಹೆಸರಿತ್ತು, ಹಾಗಾಗಿ ಬ್ಯಾಂಕಿನಲ್ಲೇ ತಿದ್ದಿಸಿದರು. ಆ್ಯಪ್‌ನಲ್ಲಿ ಹೊಸ ಹೆಸರು ಬಂದ ಮೇಲೆ ವ್ಯಾಲಿಡೇಟ್ ಮಾಡಿದರು, ಆಯಿತು. ನಾಮಿನೇಟ್ ಮಾಡಿ, ಮರುಮನವಿ ಕೊಟ್ಟರು. ರಿಫಂಡ್ ಬಂದಾಗ ಪಾಸ್‌ಬುಕ್‌ನಲ್ಲಿ ITDTAX REFUND ಎಂಬ ಪದ, ವರ್ಷ, ಪ್ಯಾನ್ ಇರುವ ಸಾಲು ಬಿತ್ತು. ನೀವೂ ಹುಡುಕಬೇಕಾದದ್ದು ಆ ಸಾಲನ್ನೇ. ಎಸ್‌ಎಂಎಸ್ ಬರದೆಯೂ ದುಡ್ಡು ಜಮಾ ಆಗಿರಬಹುದು.

ಮೇಷ್ಟ್ರು ಮೊದಲ ದಿನವೇ ಮರುಮನವಿ ಕೊಡಲು ಹೊರಟಿದ್ದರೆ? ಆರಿಸಲು ವ್ಯಾಲಿಡೇಟ್ ಆದ ಖಾತೆಯೇ ಇರುತ್ತಿರಲಿಲ್ಲ.

## ಕಾಯುವಾಗ ಎಚ್ಚರಿಕೆ

ಮರುಮನವಿ ಕೊಟ್ಟ ಮೇಲೆ ಆ ಖಾತೆಯನ್ನು ಮುಟ್ಟಬೇಡಿ. ಶಾಖೆ ಬದಲಿಸುವುದು, ಖಾತೆ ಮುಚ್ಚುವುದು, ಪೋರ್ಟಲ್‌ನಿಂದ ತೆಗೆಯುವುದು, ಎಲ್ಲ ಆಮೇಲೆ. ಮನವಿಯ ಸ್ಥಿತಿಯನ್ನು ಅದೇ Refund Reissue ಪುಟದಲ್ಲಿ ನೋಡಬಹುದು.

"ನಿಮ್ಮ ರಿಫಂಡ್ ಬಾಕಿ ಇದೆ, ಈ ಲಿಂಕ್ ಒತ್ತಿ ಖಾತೆ ಸಂಖ್ಯೆ ಖಚಿತಪಡಿಸಿ" ಎಂಬ ಸಂದೇಶ ಬಂದರೆ ಅಳಿಸಿಹಾಕಿ. ರಿಫಂಡ್‌ಗಾಗಿ ಕಾಯುತ್ತಿರುವವರು ಇಂಥದ್ದನ್ನು ಬೇಗ ನಂಬುತ್ತಾರೆ, ಮೋಸಗಾರರಿಗೂ ಅದು ಗೊತ್ತು. ಖಾತೆ ವ್ಯಾಲಿಡೇಶನ್ ನಡೆಯುವುದು ಪೋರ್ಟಲ್‌ಗೆ ಲಾಗಿನ್ ಆದ ಮೇಲೆ ಮಾತ್ರ. ಕಾರ್ಡ್ ನಂಬರ್, ಪಿನ್, ಬ್ಯಾಂಕ್ ಪಾಸ್‌ವರ್ಡ್ ಯಾವ ಹಂತದಲ್ಲೂ ಬೇಕಾಗುವುದಿಲ್ಲ.

## ಎಲ್ಲ ಸರಿಯಿದ್ದೂ ಬರದಿದ್ದರೆ

ಖಾತೆ ವ್ಯಾಲಿಡೇಟ್ ಆಗಿದೆ, ಮರುಮನವಿ ಹೋಗಿ ಕೆಲವು ವಾರ ಕಳೆದಿದೆ, ಆದರೂ ಸುದ್ದಿಯಿಲ್ಲ ಅಂದರೆ Grievances ಮೆನುವಿನಲ್ಲಿ ದೂರು ಸಲ್ಲಿಸಿ. ವಿಭಾಗ ಆರಿಸುವಾಗ CPC-ITR ಇರಲಿ. ದೂರಿನಲ್ಲಿ ಕಥೆ ಬೇಡ. ಯಾವ ವರ್ಷದ ರಿಟರ್ನ್, ಫೇಲ್ ಆದ ದಿನಾಂಕ, ಕೊಟ್ಟಿದ್ದ ಕಾರಣ, ಖಾತೆ ವ್ಯಾಲಿಡೇಟ್ ಆದ ದಿನಾಂಕ, ಮರುಮನವಿಯ ಟ್ರಾನ್ಸಾಕ್ಷನ್ ಐಡಿ, ಇಷ್ಟು ಸಾಕು. ಖಾತೆಯ ಸ್ಥಿತಿ ತೋರಿಸುವ ಸ್ಕ್ರೀನ್‌ಶಾಟ್ ಜೊತೆಗೆ ಹಾಕಿ. ಫೋನಿನಲ್ಲಿ ಕೇಳುವುದಾದರೆ ಪೋರ್ಟಲ್ ಸಹಾಯವಾಣಿ 1800 103 0025. ಕರೆ ಮಾಡುವ ಮುಂಚೆ ಪ್ಯಾನ್ ಮತ್ತು ಆ ಟ್ರಾನ್ಸಾಕ್ಷನ್ ಐಡಿಯನ್ನು ಎದುರಿಗೆ ಇಟ್ಟುಕೊಳ್ಳಿ, ಮೊದಲು ಕೇಳುವುದೇ ಅವನ್ನು.